80 ಅಡಿ ಶೆಡ್ಡಿಗೆ ಟ್ರಸ್ಸಾ, ಪಿಇಬಿನಾ? ಕೊಟೇಶನ್ ಕೈಗೆ ಬಂದಾಗ ನೋಡ್ಬೇಕಾದ್ದು

ನಮ್ಮ ಭಾವ ತುಮಕೂರು ಹತ್ರ ಪ್ಯಾಕಿಂಗ್ ಬಾಕ್ಸ್ ಮಾಡೋ ಯೂನಿಟ್ ಹಾಕೋಕೆ ಹೊರಟಾಗ ಎರಡು ಕೊಟೇಶನ್ ತಂದು ಟೇಬಲ್ ಮೇಲಿಟ್ಟು, "ನೀನೇ ಇದ್ರಲ್ಲಿ ಕೆಲ್ಸ ಮಾಡೋನಲ್ಲ, ಯಾವ್ದು ಕಮ್ಮಿ ಬೀಳತ್ತೆ ಹೇಳಪ್ಪ" ಅಂದ್ರು. ಒಂದು ಊರಿನ ಫ್ಯಾಬ್ರಿಕೇಟರ್ ಕೊಟ್ಟಿದ್ದು, ಮಾಮೂಲಿ ಟ್ರಸ್ ಶೆಡ್, ಕೆಜಿಗೆ ಇಷ್ಟು ಅಂತ ರೇಟು, ವೇಬ್ರಿಜ್ ಚೀಟಿ ನೋಡಿ ಬಿಲ್ಲು. ಇನ್ನೊಂದು ಪಿಇಬಿ ಕಂಪನಿದು, ಅಂದ್ರೆ ಫ್ಯಾಕ್ಟರಿಯಲ್ಲೇ ಫ್ರೇಮ್ ರೆಡಿ ಮಾಡಿ ತಂದು ಸೈಟಲ್ಲಿ ಜೋಡಿಸೋ ಪ್ರೀ-ಎಂಜಿನಿಯರ್ಡ್ ಬಿಲ್ಡಿಂಗ್, ಚದರಡಿಗೆ ಇಷ್ಟು ಅಂತ ಒಟ್ಟು ಮೊತ್ತ, ತೂಕದ ಮಾತೇ ಇಲ್ಲ. ಹೀಗಿದ್ರೆ ಹೋಲಿಸೋದು ಹೇಗೆ ಹೇಳಿ. ಮೂವತ್ತು ವರ್ಷದ ವ್ಯಾಪಾರಸ್ಥರು, ಅವ್ರೂ ತಲೆ ಕೆರ್ಕೊಂಡು ಕೂತಿದ್ರು.

ಆ ಶೆಡ್ಡಿನ ಲೆಕ್ಕವನ್ನೇ ಇಟ್ಕೊಂಡು ಹೇಳ್ತೀನಿ. ಅಗಲ 24 ಮೀಟರ್ (ಹತ್ತಿರತ್ತಿರ 80 ಅಡಿ), ಉದ್ದ 48 ಮೀಟರ್, ಪಕ್ಕದ ಗೋಡೆ ಹತ್ರ ಎತ್ತರ 7 ಮೀಟರ್, ಮಧ್ಯದಲ್ಲಿ ಕಂಬ ಬೇಡ, ಸೂರಿನ ಇಳಿಜಾರು ಹತ್ತಕ್ಕೆ ಒಂದು.

ಮೊದ್ಲು, ಫ್ರೇಮು ಯಾಕೆ ಹಾಗೆ ಸಣ್ಣ ದಪ್ಪ ಇರತ್ತೆ ಅಂತ ತಿಳ್ಕೊಳ್ಳಿ

ಪಿಇಬಿ ಕಂಬ ನೋಡಿದ್ರೆ ಎಲ್ರಿಗೂ ಬರೋ ಮೊದಲ ಅನುಮಾನ, ಇದೇನು ತಲೆಕೆಳಗಾಗಿ ನಿಲ್ಸಿದಾರಲ್ಲ ಅಂತ. ಬುಡದಲ್ಲಿ 300 ಮಿಮೀ, ಮೇಲೆ ಸೂರಿಗೆ ಸೇರೋ ಕಡೆ 700 ಮಿಮೀ. ಅಲ್ಲಿಂದ ಸೂರು ಹೊರೋ ಓರೆ ತೊಲೆ, ಅಂದ್ರೆ ರಾಫ್ಟರ್, ಹೋಗ್ತಾ ಹೋಗ್ತಾ ಸಣ್ಣ ಆಗಿ ಸೂರಿನ ನೆತ್ತಿ, ಅಂದ್ರೆ ರಿಡ್ಜ್ ಹತ್ರ ಮತ್ತೆ ಸ್ವಲ್ಪ ದಪ್ಪ ಆಗತ್ತೆ. ಕಾರಣ ಸರಳ. ಕಂಬ ಮತ್ತು ರಾಫ್ಟರ್ ಮೂಲೆಯಲ್ಲಿ ಬಿಗಿಯಾಗಿ ಬೋಲ್ಟ್ ಆಗಿರೋದ್ರಿಂದ ಸೂರಿನ ಭಾರಕ್ಕೆ ಆ ಮೂಲೆನೇ ಅತೀ ಹೆಚ್ಚು ಬಾಗೋಕೆ ನೋಡತ್ತೆ. ನಮ್ಮ ಶೆಡ್ಡಿಗೆ 8 ಮೀಟರಿಗೊಂದು ಫ್ರೇಮ್ ಅಂತ ಇಟ್ಕೊಂಡು, ಚದರ ಮೀಟರಿಗೆ 90 ಕೆಜಿ ಭಾರ ಹಾಕಿ ಲೆಕ್ಕ ಮಾಡಿದ್ರೆ ಮೂಲೆಯಲ್ಲಿ ಬಾಗುವ ಬಲ ಸುಮಾರು 28 ಟನ್-ಮೀಟರ್, ರಿಡ್ಜಲ್ಲಿ 19, ಕಂಬದ ಬುಡದಲ್ಲಿ ಸೊನ್ನೆ. ಕಂಬದಿಂದ 4 ಮೀಟರ್ ಒಳಗೆ ರಾಫ್ಟರಲ್ಲೂ ಒಂದ್ಕಡೆ ಸೊನ್ನೆಗೆ ಬರತ್ತೆ. ಸೊನ್ನೆ ಇರೋ ಕಡೆ ದಪ್ಪ ಉಕ್ಕು ಇಟ್ಟು ಏನ್ ಮಾಡ್ತೀರಾ? ಅದಕ್ಕೇ ಪ್ಲೇಟ್ ಓರೆಯಾಗಿ ಕಟ್ ಮಾಡಿ, ಮೆಷಿನಲ್ಲಿ ವೆಲ್ಡ್ ಮಾಡಿ, ಬೇಕಾದ ಕಡೆ ಮಾತ್ರ ದಪ್ಪ ಕೊಡ್ತಾರೆ.

ಟ್ರಸ್ಸಿನ ದಾರಿನೇ ಬೇರೆ. ಆಂಗಲ್ ಅಥವಾ ಪೈಪು ಸೇರಿಸಿ ತ್ರಿಕೋನಗಳ ಜಾಲ ಮಾಡಿ ಎರಡು ಕಂಬದ ತಲೆ ಮೇಲೆ ಕೂರಿಸ್ತಾರೆ, ಸೂರಿನ ಭಾರ ನೇರ ಕೆಳಕ್ಕೆ ಇಳಿಯತ್ತೆ. ಉಕ್ಕೂ ಬೇರೆ ದರ್ಜೆದು. ಪಿಇಬಿ ಪ್ಲೇಟು ಸಾಮಾನ್ಯವಾಗಿ 350 ದರ್ಜೆ, ಅಂಗಡಿಯಲ್ಲಿ ಸಿಗೋ ಆಂಗಲ್ ಚಾನೆಲ್ 250 ದರ್ಜೆ. ಹಾಗಾಗಿ ಪಿಇಬಿ ಹಗುರ ಬರೋದ್ರಲ್ಲಿ ಮೋಸ ಏನಿಲ್ಲ. ಆದ್ರೆ ಒಂದು ಗಮನದಲ್ಲಿರ್ಲಿ, ನೀವು ಹೇಳಿದ ಭಾರಕ್ಕೆ ಎಷ್ಟು ಬೇಕೋ ಅಷ್ಟೇ ಉಕ್ಕು ಅಲ್ಲಿರತ್ತೆ, ಹೇಳದೇ ಇದ್ದ ಭಾರಕ್ಕೆ ಒಂದು ಕೆಜಿನೂ ಇರಲ್ಲ. ಮುಂದೆ ಹೇಳೋದೆಲ್ಲ ಇದ್ರಿಂದಲೇ ಬರೋದು.

ಕಂಪನಿಗೆ ಫೋನ್ ಮಾಡೋ ಮೊದ್ಲು ಒಂದು ಹಾಳೆ ಬರೀರಿ

ಸೂರಿನ ಮೇಲೆ, ಸೂರಿನ ಕೆಳಗೆ, ಕಂಬಕ್ಕೆ ಏನೇನು ಬರತ್ತೆ ಅಂತ ಒಂದು ಹಾಳೆಯಲ್ಲಿ ಬರೀರಿ. ಸೋಲಾರ್ ಪ್ಯಾನಲ್ ಈಗ ಇಲ್ದಿದ್ರೂ ಎರಡು ವರ್ಷಕ್ಕೆ ಹಾಕೋ ಯೋಚನೆ ಇದ್ರೆ ಈಗ್ಲೇ ಬರೀರಿ, ಫ್ರೇಮ್ ಸಮೇತ ಚದರ ಮೀಟರಿಗೆ 15 ಕೆಜಿ ಆಸುಪಾಸು ಬರತ್ತೆ. ಕೇಳೋಕೆ ಏನೂ ಅಲ್ಲ ಅನ್ಸತ್ತೆ, ಆದ್ರೆ ಸೂರಿನ ಶೀಟು, ಶೀಟಿನ ಕೆಳಗೆ ಅದನ್ನ ಹೊರೋ ಪರ್ಲಿನ್, ರಾಫ್ಟರ್ ಎಲ್ಲಾ ಸೇರಿ ತೂಗೋದೇ 20 ಕೆಜಿ ಆಸುಪಾಸು, ಅದ್ರ ಮೇಲೆ ಇನ್ನೊಂದು 15 ಅಂದ್ರೆ ನೋಡ್ಕೊಳ್ಳಿ. ಹಾಗೇ ಸ್ಪ್ರಿಂಕ್ಲರ್ ಪೈಪು, ಡಕ್ಟು, ಕೇಬಲ್ ಟ್ರೇ, ಫಾಲ್ಸ್ ಸೀಲಿಂಗ್, ಇವೆಲ್ಲ ಬರೀರಿ. ಮತ್ತೆ ಕ್ರೇನು. ಓವರ್‌ಹೆಡ್ ಕ್ರೇನ್ 5 ಟನ್ನಾದ್ರೂ ಆಗ್ಲಿ, ಅದು ಆಮೇಲೆ ಸೇರಿಸೋ ವಸ್ತು ಅಲ್ಲ. ಕಂಬಕ್ಕೆ ಬ್ರ್ಯಾಕೆಟ್ ಬೇಕು, ಕ್ರೇನ್ ಓಡುವಾಗ ಕಂಬ ಎಷ್ಟು ಅಲ್ಲಾಡ್ಬಹುದು ಅನ್ನೋದಕ್ಕೆ ಬೇರೆನೇ ಮಿತಿ ಬರತ್ತೆ, ಅದ್ರಿಂದ ಕಂಬದ ಸೈಜೇ ಬದಲಾಗತ್ತೆ.

ಮುಂದೆ ಶೆಡ್ ಉದ್ದಕ್ಕೆ ಬೆಳೆಸೋ ಆಸೆ ಇದ್ರೆ ಅದನ್ನೂ ಬರೀರಿ. ಇಲ್ದಿದ್ರೆ ಪಿಇಬಿ ಕಂಪನಿಯವ್ರು ಕೊನೇ ಗೋಡೆಗೆ ಪೂರ್ತಿ ಫ್ರೇಮ್ ಬದ್ಲು ಸಣ್ಣ ಸಣ್ಣ ಕಂಬ ಕೊಟ್ಟು ಉಳಿಸ್ತಾರೆ. ತಪ್ಪೇನಲ್ಲ, ಆದ್ರೆ ಮುಂದೆ ಆ ಗೋಡೆ ಬಿಚ್ಚಿ ಶೆಡ್ ಬೆಳೆಸೋಕೆ ಹೋದ್ರೆ ಮಧ್ಯದ ಕಂಬ ತೆಗೆಯೋ ಹಾಗಿರಲ್ಲ.

ಎತ್ತರ ಬರೆಯುವಾಗ ಒಂದು ಮಾತು. 7 ಮೀಟರ್ ಅಂದ್ರೆ ಎಲ್ಲಿಗೆ 7? ಪಿಇಬಿಯಲ್ಲಿ ಮೂಲೆ ದಪ್ಪ ಇರೋದ್ರಿಂದ ಗೋಡೆ ಪಕ್ಕದಲ್ಲಿ ನಿಮಗೆ ನಿಜವಾಗಿ ಸಿಗೋದು 6.2 ಮೀಟರ್ ಚಿಲ್ರೆ, ಮಧ್ಯಕ್ಕೆ ಹೋದ್ರೆ 7.5 ದಾಟತ್ತೆ. ರ‍್ಯಾಕ್ ಹಾಕೋ ಗೋಡೌನ್ ಆದ್ರೆ ಈ ಪಕ್ಕದ ಲೆಕ್ಕ ತಪ್ಪಿ ಒಂದು ಅಂತಸ್ತೇ ಕಮ್ಮಿ ಆಗ್ಬಹುದು. ಅದಕ್ಕೆ "ಒಳಗೆ ಅಡ್ಡಿಯಿಲ್ದೆ ಸಿಗೋ ಎತ್ತರ, ರಾಫ್ಟರ್ ಕೆಳಗೆ" ಅಂತ ಬಿಡಿಸಿ ಬರೀರಿ.

ಯಾವ ಕಡೆ ವಾಲ್ಬೇಕು

ಅಗಲ 12, 15 ಮೀಟರ್ ಒಳಗಿದ್ದು ಶೆಡ್ಡೂ ಸಣ್ಣದಿದ್ರೆ ನಾನಂತೂ ಟ್ರಸ್ಸೇ ಅಂತೀನಿ, ಅದ್ರಲ್ಲೂ ಪೈಪ್ ಟ್ರಸ್ಸು. ಅಷ್ಟು ಸಣ್ಣ ಕೆಲ್ಸಕ್ಕೆ ಪಿಇಬಿ ಕಂಪನಿಯ ಡಿಸೈನು, ಟ್ರೈಲರ್ ಬಾಡಿಗೆ, ಕ್ರೇನು ಎಲ್ಲಾ ಸೇರಿ ಉಕ್ಕಲ್ಲಿ ಉಳಿದಿದ್ದು ಹೋಗ್ಬಿಡತ್ತೆ. ರಾಫ್ಟರ್ ತುಂಡುಗಳು 12 ಮೀಟರ್ ತನಕ ಉದ್ದ ಬರತ್ವೆ, ಹಳ್ಳಿ ರಸ್ತೆ ತಿರುವಲ್ಲಿ ಟ್ರೈಲರ್ ತಿರುಗದಿದ್ರೆ ಅದೊಂದು ತಲೆನೋವು. ಟ್ರಸ್ಸನ್ನ ನಿಮ್ಮ ಜಾಗದಲ್ಲೇ ನೆಲದ ಮೇಲೆ ಜೋಡ್ಸಿ ಎತ್ತಬಹುದು. ಮುಂದೆ ಬದಲಾವಣೆ ತುಂಬಾ ಆಗೋ ಯೂನಿಟ್ ಆದ್ರೂ ಟ್ರಸ್ ಪರವಾಗಿಲ್ಲ, ಯಾಕಂದ್ರೆ ಒಂದು ಆಂಗಲ್ ಸಾಲ್ದಿದ್ರೆ ಅದಕ್ಕೆ ಇನ್ನೊಂದು ಸೇರಿಸಿ ವೆಲ್ಡ್ ಮಾಡೋದು ಊರಿನ ವೆಲ್ಡರಿಗೂ ಬರತ್ತೆ, ಲೆಕ್ಕ ಮಾತ್ರ ಇಂಜಿನಿಯರ್ ಹಾಕ್ಬೇಕು. ಪಿಇಬಿ ಫ್ರೇಮಿನ ನಡುವಿನ 5 ಮಿಮೀ ದಪ್ಪದ ಪ್ಲೇಟಿಗೆ ಸೈಟಲ್ಲಿ ಹಾಗೆ ಕೈಹಾಕೋದು ಸುಲಭ ಅಲ್ಲ.

ಅಗಲ 20 ಮೀಟರ್ ದಾಟಿದ್ರೆ, ಎತ್ತರನೂ ಇದ್ರೆ, ಪಿಇಬಿ ಕಡೆ ತಕ್ಕಡಿ ತೂಗತ್ತೆ. ನಮ್ಮ ಶೆಡ್ಡಿಗೆ ಪಿಇಬಿ 8 ಮೀಟರಿಗೊಂದು ಫ್ರೇಮ್ ಹಾಕಿ 7 ಫ್ರೇಮಲ್ಲಿ ಮುಗಿಸಿತ್ತು, 14 ಫುಟಿಂಗ್. ಟ್ರಸ್ಸಿನವ್ರು ಚಾನೆಲ್ ಪರ್ಲಿನ್ ಹಾಕೋರು, ಚಾನೆಲ್ 8 ಮೀಟರ್ ಹಾಕಿದ್ರೆ ಒಂದೋ ಜೋಲು ಬೀಳತ್ತೆ ಇಲ್ಲ ಸಿಕ್ಕಾಪಟ್ಟೆ ಭಾರ ಆಗತ್ತೆ, ಹಾಗಾಗಿ 6 ಮೀಟರಿಗೊಂದು ಅಂತ 9 ಟ್ರಸ್ಸು, 18 ಫುಟಿಂಗ್. ಪಿಇಬಿಯ ಝಡ್ ಆಕಾರದ ಪರ್ಲಿನ್ ಕಂಬದ ಸಾಲಿನ ಮೇಲೆ ಒಂದ್ರ ಮೇಲೊಂದು ಹತ್ತಿ ಕೂರೋದ್ರಿಂದ 2 ಮಿಮೀ ಆಸುಪಾಸಿನ ತಗಡಲ್ಲೂ 8 ಮೀಟರ್ ನಿಭಾಯಿಸತ್ತೆ.

ಇನ್ನೊಂದು ವಿಷ್ಯ ಯಾರೂ ಬ್ರೋಷರಲ್ಲಿ ಹಾಕಲ್ಲ, ಪಾರಿವಾಳ. ಟ್ರಸ್ಸಿನ ಕೆಳಗಿನ ಆಂಗಲ್ ಸಾಲು ಅವಕ್ಕೆ ಹೇಳಿ ಮಾಡ್ಸಿದ ಜಾಗ. ಭಾವನ ಹಳೇ ಗೋಡೌನಲ್ಲಿ ಬಾಕ್ಸಿನ ಕಟ್ಟುಗಳ ಮೇಲೆ ವರ್ಷವಿಡೀ ಟಾರ್ಪಾಲ್ ಮುಚ್ಚೇ ಇಡ್ಬೇಕಿತ್ತು. ಅವ್ರು ಪಿಇಬಿಗೆ ಒಪ್ಪಿದ್ದಕ್ಕೆ ಅರ್ಧ ಕಾರಣ ಇದೇ ಅಂತ ನನ್ನ ಅನುಮಾನ. ಕರಾವಳಿಯವ್ರಿಗೆ ಇನ್ನೊಂದು ಮಾತು: ಎರಡು ಆಂಗಲ್ ಬೆನ್ನಿಗೆ ಬೆನ್ನು ಹಚ್ಚಿ ಮಾಡಿದ ಟ್ರಸ್ಸಲ್ಲಿ ಮಧ್ಯದ ಸಂದಿಗೆ ಬ್ರಷ್ ಹೋಗಲ್ಲ, ತುಕ್ಕು ಅಲ್ಲಿಂದ್ಲೇ ಶುರು. ಟ್ರಸ್ಸೇ ಬೇಕು ಅಂದ್ರೆ ಬಾಯಿ ಮುಚ್ಚಿದ ಪೈಪಲ್ಲಿ ಮಾಡ್ಸಿ.

ಕೊಟೇಶನ್ ಎರಡನ್ನೂ ಒಂದೇ ತಕ್ಕಡಿಗೆ ತನ್ನಿ

ಕೆಜಿ ಲೆಕ್ಕದಲ್ಲಿ ಬಿಲ್ ಮಾಡೋನಿಗೆ ಶೆಡ್ ಭಾರ ಆದಷ್ಟೂ ಲಾಭ. ಒಟ್ಟು ಮೊತ್ತಕ್ಕೆ ಒಪ್ಕೊಂಡೋನಿಗೆ ಹಗುರ ಆದಷ್ಟೂ ಲಾಭ. ಇಬ್ರೂ ಕೆಟ್ಟೋರಲ್ಲ, ಆದ್ರೆ ಇಬ್ರ ಕೈಗೂ ಮೊದ್ಲೇ ಕಡಿವಾಣ ಹಾಕ್ಬೇಕು. ಟ್ರಸ್ಸಿನವ್ರ ಹತ್ರ ಡಿಸೈನ್ ಮಾಡ್ಸಿ, ಇದಕ್ಕಿಂತ ಹೆಚ್ಚು ತೂಕ ಬಂದ್ರೆ ದುಡ್ಡು ಕೊಡಲ್ಲ ಅಂತ ಬರೆಸ್ಕೊಳ್ಳಿ. ಪಿಇಬಿಯವ್ರ ಹತ್ರ ಯಾವ ಭಾರಕ್ಕೆ ಡಿಸೈನ್ ಮಾಡಿದಾರೆ ಅಂತ ಬರೆಸ್ಕೊಳ್ಳಿ.

ಈ ಎರಡನೇದ್ರಲ್ಲೇ ಅಸಲಿ ವಿಷ್ಯ ಇರೋದು. ಕಟ್ಟಡಕ್ಕೆ ಎಷ್ಟು ಭಾರ ಹಿಡೀಬೇಕು ಅಂತ ಹೇಳೋ ನಮ್ಮ ದೇಶದ ಕೋಡ್ ಐಎಸ್ 875 ಪ್ರಕಾರ ಜನ ಓಡಾಡದ, ಇಳಿಜಾರು 10 ಡಿಗ್ರಿ ಒಳಗಿರೋ ಸೂರಿಗೆ ಚದರ ಮೀಟರಿಗೆ 75 ಕೆಜಿ ಹಿಡೀಬೇಕು. ಅಮೆರಿಕದ ಎಂಬಿಎಂಎ ಪದ್ಧತಿ ಹಿಡಿದು ಡಿಸೈನ್ ಮಾಡೋರು 57 ಕೆಜಿ ಹಿಡೀತಾರೆ. ರಾಫ್ಟರ್ ಬಿಟ್ಟು ಶೀಟು ಪರ್ಲಿನ್ನಿನ ಭಾರ ಮತ್ತೆ ಲೈಟು ವೈರು ಅಂತ ಇನ್ನೊಂದು 15 ಕೆಜಿ ಇಟ್ಕೊಳ್ಳಿ. ಒಬ್ರದ್ದು 90, ಇನ್ನೊಬ್ರದ್ದು 72. ಐದ್ರಲ್ಲಿ ಒಂದು ಪಾಲು ಭಾರ ಹಾಳೆ ಮೇಲೇ ಮಾಯ, ಅವ್ರ ಕೊಟೇಶನ್ ಕಮ್ಮಿ ಬರದೇ ಇನ್ನೇನಾಗತ್ತೆ? ಭಾವನಿಗೆ ಬಂದಿದ್ದ ಪಿಇಬಿ ಕೊಟೇಶನ್ನಿನ ಕೊನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, 0.57 ಕಿಲೋನ್ಯೂಟನ್, ಅಂದ್ರೆ ಅದೇ 57 ಕೆಜಿ, ಅಂತ ಇತ್ತು. ಫೋನ್ ಮಾಡಿ 0.75ಕ್ಕೆ, ಸೋಲಾರ್ ಸೇರಿಸಿ ಮತ್ತೆ ಕೊಡಿ ಅಂದ್ವಿ. ಎರಡು ದಿನಕ್ಕೆ ಹೊಸ ಕೊಟೇಶನ್ ಬಂತು, ರೇಟು ಏರಿತ್ತು, ಆದ್ರೂ ಟ್ರಸ್ಸಿಗಿಂತ ಸ್ವಲ್ಪ ಕೆಳಗೇ ಇತ್ತು. ಆವಾಗ್ಲೇ ನಿಜವಾದ ಹೋಲಿಕೆ ಆಗಿದ್ದು.

ಗಾಳಿನೂ ಹಾಗೇ ನೋಡಿ. ಬೆಂಗಳೂರಿಗೆ ಕೋಡಲ್ಲಿರೋ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಆರೇ ಮೀಟರ್ ಅಲ್ವಾ ಅನ್ಬೇಡಿ, ಒತ್ತಡ ವೇಗದ ವರ್ಗಕ್ಕೆ ಏರೋದ್ರಿಂದ 40 ಪರ್ಸೆಂಟ್ ಜಾಸ್ತಿ. ಬೆಂಗಳೂರಲ್ಲಿ ಮಾಡಿದ ಡ್ರಾಯಿಂಗನ್ನ ಮಂಗಳೂರಿಗೆ ಹಾಗೇ ತಗೊಂಡೋಗೋ ಹಾಗಿಲ್ಲ.

ಮತ್ತೆ ಶೀಟಿನ ದಪ್ಪ. 0.5 ಅಂದ್ರೆ ಕೋಟಿಂಗ್ ಸೇರಿನಾ, ಬರೀ ಉಕ್ಕಾ ಅಂತ ಕೇಳಿ. ಕೋಟಿಂಗ್ ಸೇರಿ 0.5 ಇದ್ರೆ ಒಳಗಿನ ಉಕ್ಕು 0.45 ಆಸುಪಾಸು. ಮಾಲು ಇಳಿದ ದಿನ ಜೇಬಲ್ಲಿ ಒಂದು ಮೈಕ್ರೋಮೀಟರ್ ಇಟ್ಕೊಂಡು ಹೋಗಿ, ಶೀಟಿನ ಅಂಚಿಗೆ ಹಿಡಿದು ನೋಡಿ, ಮೂರ್ನಾಲ್ಕು ಕಡೆ.

ಗಾಳಿ ಸೂರನ್ನ ಮೇಲಕ್ಕೆ ಎಳೆಯತ್ತೆ, ಅದನ್ನ ಮರೀಬೇಡಿ

ಶೆಡ್ ಬೀಳೋದು ಅಂದ್ರೆ ಭಾರಕ್ಕೆ ಕುಸಿಯೋದು ಅಂತಲೇ ಜನ ಅಂದ್ಕೊಂಡಿದಾರೆ. ಆದ್ರೆ ಈ ಹಗುರ ಸೂರುಗಳ ಮೇಲೆ ಗಾಳಿ ಹಾದ್ರೆ ಚದರ ಮೀಟರಿಗೆ 50, 60 ಕೆಜಿ ಮೇಲಕ್ಕೆ ಎಳೆಯತ್ತೆ, ಸೂರಿನ ತೂಕ 20. ಉಳಿದ 30, 40 ಕೆಜಿ ಎಲ್ಲಿಗೆ ಹೋಗ್ಬೇಕು? ಇಡೀ ಫ್ರೇಮ್ ಉಲ್ಟಾ ಕೆಲ್ಸ ಮಾಡೋಕೆ ಶುರು ಮಾಡತ್ತೆ. ರಿಡ್ಜ್ ಕಡೆ ಅಲ್ಲಿವರೆಗೂ ಎಳೆತದಲ್ಲಿ ಆರಾಮಾಗಿದ್ದ ರಾಫ್ಟರಿನ ಕೆಳಗಿನ ಪಟ್ಟಿ ಈಗ ಒತ್ತಡಕ್ಕೆ ಬಿದ್ದು ಪಕ್ಕಕ್ಕೆ ನುಲೀತದೆ. ಟ್ರಸ್ಸಲ್ಲೂ ಅದೇ ಕಥೆ, ಕೆಳಗಿನ ಉದ್ದ ಆಂಗಲ್ ಪಕ್ಕಕ್ಕೆ ಬಾಗತ್ತೆ.

ಇದನ್ನ ತಡೆಯೋ ಸಾಮಾನು ಎರಡರಲ್ಲೂ ಸಣ್ಣದೇ, ಅದಕ್ಕೇ ಬಿಟ್ಟುಹೋಗೋದು. ಪಿಇಬಿಯಲ್ಲಿ ಪರ್ಲಿನ್ನಿಂದ ಓರೆಯಾಗಿ ಇಳಿದು ರಾಫ್ಟರಿನ ಕೆಳಗಿನ ಪಟ್ಟಿ ಹಿಡಿದಿರೋ ಚೋಟುದ್ದದ ಆಂಗಲ್ ತುಂಡು, ಫ್ಲೇಂಜ್ ಬ್ರೇಸ್ ಅಂತಾರೆ. ಡ್ರಾಯಿಂಗಲ್ಲಿ ಪ್ರತೀ ಎರಡನೇ ಪರ್ಲಿನ್‌ಗೆ ಒಂದು ಅಂತ ಏನೋ ಬರೆದಿರತ್ತೆ. ಕೆಳಗೆ ನಿಂತು ಕತ್ತೆತ್ತಿ ಎಣಿಸಿದ್ರೆ ಸಾಕು, ಗೊತ್ತಾಗತ್ತೆ. ಟ್ರಸ್ಸಾದ್ರೆ ಒಂದು ಟ್ರಸ್ಸಿನ ಕೆಳಗಿನ ಆಂಗಲಿನಿಂದ ಪಕ್ಕದ ಟ್ರಸ್ಸಿಗೆ ಶೆಡ್ಡಿನ ಉದ್ದಕ್ಕೂ ಹೋಗೋ ಅಡ್ಡಪಟ್ಟಿ ಇದ್ಯಾ ನೋಡಿ. ಕೆಜಿ ಉಳಿಸೋಕೆ ಅಂತ ಮಾಲೀಕರೇ ಅದನ್ನ ಬಿಡ್ಸೋದನ್ನ ಕಣ್ಣಾರೆ ನೋಡಿದೀನಿ.

ಪಾಯ: ಉಕ್ಕಲ್ಲಿ ಉಳಿದಿದ್ದು ಇಲ್ಲಿ ಸ್ವಲ್ಪ ವಾಪಸ್ ಹೋಗತ್ತೆ

ಕಮಾನಿನ ಥರ ಪಿಇಬಿ ಫ್ರೇಮು ಸೂರಿನ ಭಾರಕ್ಕೆ ಬುಡವನ್ನ ಹೊರಗಡೆ ತಳ್ಳತ್ತೆ. ನಮ್ಮ ಲೆಕ್ಕದಲ್ಲಿ ಒಂದು ಕಂಬ ಕೆಳಕ್ಕೆ ಒತ್ತೋದು 8.6 ಟನ್, ಜೊತೆಗೆ ಹೊರಕ್ಕೆ ತಳ್ಳೋದು ಸುಮಾರು 4 ಟನ್. ಟ್ರಸ್ಸಲ್ಲಿ ಸೂರಿನ ಭಾರದಿಂದ ಈ ತಳ್ಳಾಟ ಇಲ್ಲ. ಅಲ್ಲಿ ಅಡ್ಡ ಗಾಳಿಗೆ ಕಂಬದ ಬುಡ ಬಿಗಿಯಾಗಿ ನಿಲ್ಬೇಕು, ಅಷ್ಟು. ಹಾಗಾಗಿ ಟ್ರಸ್ ಶೆಡ್ಡಿಗೆ ಹಾಕಿದ್ದ ಫುಟಿಂಗ್ ಡ್ರಾಯಿಂಗನ್ನೇ ಪಿಇಬಿಗೂ ಬಳಸ್ಬೇಡಿ. ಪಿಇಬಿ ಕಂಪನಿಯವ್ರು ಸಾಮಾನ್ಯವಾಗಿ ಪಾಯ ಡಿಸೈನ್ ಮಾಡಲ್ಲ, ಪ್ರತೀ ಕಂಬದ ಬುಡಕ್ಕೆ ಎಷ್ಟು ಒತ್ತಡ, ಎಷ್ಟು ತಳ್ಳಾಟ, ಗಾಳಿಗೆ ಎಷ್ಟು ಮೇಲೆಳೆತ ಅಂತ ಒಂದು ಪಟ್ಟಿ ಕೊಡ್ತಾರೆ. ಆ ಪಟ್ಟಿ ನಿಮ್ಮ ಸಿವಿಲ್ ಇಂಜಿನಿಯರ್ ಕೈ ಸೇರೋ ತನಕ ಗುಂಡಿ ಅಗೆಸ್ಬೇಡಿ. ಹೊಸದಾಗಿ ಮಣ್ಣು ತುಂಬಿಸಿದ ಜಾಗ ಆದ್ರೆ ಈ 4 ಟನ್ನಿನ ಬಗ್ಗೆ ಅವ್ರ ಹತ್ರ ಬಿಡಿಸಿ ಕೇಳಿ.

ಆಂಕರ್ ಬೋಲ್ಟಿನ ವಿಷ್ಯದಲ್ಲಿ ನನ್ನದೇ ಒಂದು ಹಳೇ ಕಥೆ ಇದೆ. ಒಂದು ಸೈಟಲ್ಲಿ ಮೇಸ್ತ್ರಿ ಬರೀ ಟೇಪು ದಾರ ಹಿಡಿದು ಬೋಲ್ಟ್ ನಿಲ್ಸಿ ಕಾಂಕ್ರೀಟ್ ಹಾಕಿಬಿಟ್ಟಿದ್ದ, ನಾನೂ ಆವತ್ತು ಇನ್ನೊಂದ್ಕಡೆ ಇದ್ದೆ, ನೋಡ್ಲಿಲ್ಲ. ಕಂಬ ಬಂದ ದಿನ ಎರಡು ಕಡೆ 15 ಮಿಮೀ ಆಚೀಚೆ. ಕ್ರೇನ್ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡ್ತಿತ್ತು, ನಾನು ಟೀ ಕುಡಿಯೋಕೆ ಹೋಗಿ ಬರೋದ್ರೊಳಗೆ ಎರೆಕ್ಷನ್ ಹುಡುಗ್ರು ಗ್ಯಾಸ್ ಕಟರಲ್ಲಿ ಬೇಸ್ ಪ್ಲೇಟಿನ ತೂತು ದೊಡ್ಡದು ಮಾಡಿ ಕೂರಿಸಿದ್ರು. ಹೊರಕ್ಕೆ ತಳ್ಳೋ ಬಲ ಬೋಲ್ಟಿಗೆ ಸಿಗ್ಬೇಕಾದ ಜಾಗದಲ್ಲಿ ಈಗ ಬೆರಳು ಹೋಗೋಷ್ಟು ಸಂದಿ. ಕೊನೆಗೆ ಡಿಸೈನರ್ ಹತ್ರ ಕೇಳಿ, ಸರಿಯಾದ ತೂತಿರೋ ದಪ್ಪ ವಾಷರ್ ಪ್ಲೇಟ್ ಇಟ್ಟು ಬೇಸ್ ಪ್ಲೇಟಿಗೆ ವೆಲ್ಡ್ ಮಾಡಿ ಸರಿ ಮಾಡಿದ್ವಿ, ಮೂರು ದಿನ ಹೋಯ್ತು.

ಆಮೇಲಿಂದ ನಾನು ಪಾಲಿಸೋದು ಇಷ್ಟು. ತೂತು ಹೊಡೆದ ತಗಡಿನ ಟೆಂಪ್ಲೇಟ್ ಇಲ್ದೆ ಬೋಲ್ಟ್ ನಿಲ್ಸೋ ಹಾಗಿಲ್ಲ. ಕಾಂಕ್ರೀಟಿಗೆ ಮುಂಚೆ ಒಂದ್ಸಲ, ಆದ ಮಾರನೇ ದಿನ ಒಂದ್ಸಲ ಅಳತೆ. ಮೂಲೆಯಿಂದ ಮೂಲೆಗೆ ಕರ್ಣ ಎರಡೂ ಕಡೆ ಅಳೀಬೇಕು, 24ಕ್ಕೆ 48 ಇದ್ರೆ ಅದು 53.67 ಮೀಟರ್ ಬರ್ಬೇಕು. ಎರಡು ಕರ್ಣ ಒಂದೇ ಬರದಿದ್ರೆ ಶೆಡ್ ಸೊಟ್ಟ ಅಂತಲೇ ಅರ್ಥ. ಬೋಲ್ಟಿನ ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಗೋಣಿ ಸುತ್ತಿಡಿ, ಇಲ್ದಿದ್ರೆ ಸಿಮೆಂಟ್ ಹಾಲು ಕೂತು ನಟ್ಟೇ ಇಳಿಯಲ್ಲ. ಟ್ರಸ್ಸಲ್ಲಿ 10 ಮಿಮೀ ತಪ್ಪಿದ್ರೆ ಸೈಟಲ್ಲೇ ವೆಲ್ಡರ್ ಸರಿದೂಗಿಸ್ಬಹುದು. ಪಿಇಬಿ ಫ್ಯಾಕ್ಟರಿಯಲ್ಲೇ ತೂತು ಹೊಡ್ಕೊಂಡು ಬರೋದು, ಅದಕ್ಕೆ ಸೈಟಿನ ತಪ್ಪು ಸಹಿಸೋ ಗುಣ ಇಲ್ಲ.

ನಿಲ್ಸೋ ದಿನ

ಎರಡು ಫ್ರೇಮ್ ನಡುವಿನ ಜಾಗಕ್ಕೆ ಬೇ ಅಂತಾರೆ, ಮೊದ್ಲು ಅಡ್ಡಡ್ಡ ಕಂಬಿ ಬರೋ ಬೇ ಯಾವ್ದು ಅಂತ ಡ್ರಾಯಿಂಗಲ್ಲಿ ನೋಡಿ, ಆ ಎರಡು ಫ್ರೇಮನ್ನೇ ಮೊದ್ಲು ನಿಲ್ಸಿ, ಪರ್ಲಿನ್, ಬ್ರೇಸಿಂಗ್ ಕಂಬಿ, ಫ್ಲೇಂಜ್ ಬ್ರೇಸ್ ಎಲ್ಲಾ ಕಟ್ಟಿ ಗಟ್ಟಿ ಮಾಡಿ, ಆಮೇಲೆ ಉಳಿದ ಫ್ರೇಮ್. ಏಳೂ ಫ್ರೇಮನ್ನ ಸಾಲಾಗಿ ನಿಲ್ಸಿ "ಬ್ರೇಸಿಂಗ್ ನಾಳೆ" ಅಂದ್ರೆ ಒಪ್ಬೇಡಿ. ಅಗಲದ ದಿಕ್ಕಲ್ಲಿ ಫ್ರೇಮು ಬಲವಾಗಿರತ್ತೆ, ಉದ್ದದ ದಿಕ್ಕಲ್ಲಿ ಅದಕ್ಕೆ ತಾನಾಗಿ ನಿಲ್ಲೋ ಶಕ್ತಿ ಇಲ್ಲವೇ ಇಲ್ಲ, ಆಷಾಢದ ಗಾಳಿ ಒಂದು ರಾತ್ರಿ ಬೀಸಿದ್ರೆ ಇಸ್ಪೀಟ್ ಎಲೆ ಥರ ಒಂದ್ರ ಮೇಲೊಂದು ಮಲಗತ್ವೆ. ಸಂಜೆ ಕೆಲ್ಸ ನಿಂತಾಗ ಬಿಡಿ ಫ್ರೇಮ್ ಉಳಿದಿದ್ರೆ ವೈರ್ ರೋಪಲ್ಲಿ ಎರಡೂ ಕಡೆ ಎಳೆದು ಕಟ್ಟಿಸ್ಲೇಬೇಕು. ಟ್ರಸ್ಸಿಗೂ ಇದೇ ನಿಯಮ.

ಜಾಯಿಂಟಲ್ಲಿ ಬೋಲ್ಟ್ ತಲೆ ಮೇಲೆ 8.8 ಅಂತ ಅಚ್ಚಿರೋದು ನೋಡಿ. ರಾಫ್ಟರಿನ ಎರಡು ಎಂಡ್ ಪ್ಲೇಟ್ ಮಧ್ಯೆ ಬೆಳಕು ಕಂಡ್ರೆ ಬಿಗಿ ಆಗಿಲ್ಲ, ಇಲ್ಲಾ ಪ್ಲೇಟ್ ವೆಲ್ಡಿಂಗ್ ಬಿಸಿಗೆ ಬಾಗಿದೆ. ಇಂಜಿನಿಯರ್ ಕರೆಸಿ, ಮೇಲೆ ಪೇಂಟ್ ಬಳಿಯೋಕೆ ಬಿಡ್ಬೇಡಿ.

ಮುಗಿದ್ಮೇಲೆ

ಡಿಸೈನ್ ಲೆಕ್ಕದ ಪುಸ್ತಕ, ಕಟ್ಟಿದ ಹಾಗೆ ತಿದ್ದಿದ ಡ್ರಾಯಿಂಗು, ಎರಡನ್ನೂ ಕೊನೇ ಬಿಲ್ ಕೊಡೋ ಮೊದ್ಲೇ ಇಸ್ಕೊಳ್ಳಿ, ಆಮೇಲೆ ಯಾರೂ ಕೊಡಲ್ಲ. ಭಾವನ ಶೆಡ್ ಎದ್ದು ನಾಲ್ಕು ತಿಂಗಳಿಗೆ ಪಕ್ಕದ ಗೋಡೆಯಲ್ಲಿ ಇನ್ನೊಂದು ಶಟರ್ ಬೇಕು ಅನ್ನಿಸ್ತು, ಶಟರಿನವ್ನು ಬಂದು ನೋಡಿ "ಈ ಅಡ್ಡ ಕಂಬಿ ತೆಗೆದ್ರೆ ಜಾಗ ಸಿಗತ್ತೆ ಸಾರ್, ಸುಮ್ನೆ ನೇತಾಡ್ತಿದೆ" ಅಂದನಂತೆ. ಅದು ಇಡೀ ಶೆಡ್ಡನ್ನ ಉದ್ದಕ್ಕೆ ಹಿಡಿದಿದ್ದ ಬ್ರೇಸಿಂಗ್. ಪುಣ್ಯಕ್ಕೆ ಫೋನ್ ಮಾಡಿದ್ರು. ಡ್ರಾಯಿಂಗ್ ತೆಗೆದು ನೋಡಿ, ಬ್ರೇಸಿಂಗ್ ಇಲ್ಲದ ಬೇ ಕಡೆಗೆ ಶಟರ್ ಸರಿಸಿದ್ವಿ. ಲಾರಿ ಈಗ ಎಂಟು ಮೀಟರ್ ಸುತ್ತು ಹಾಕ್ಕೊಂಡು ಹಿಂದಕ್ಕೆ ಬರ್ಬೇಕು, ಭಾವ ಅದಕ್ಕೆ ಇವತ್ತಿಗೂ ಗೊಣಗ್ತಾರೆ.